ಪ್ಯಾಕಿಂಗ್ ಲಿಸ್ಟ್‌ನ ತೂಕ, ಪೆಟ್ಟಿಗೆ ಲೆಕ್ಕ, ಗುರುತು: ಕಸ್ಟಮ್ಸ್ ಬ್ರೋಕರ್ ವಾಪಸ್ ಕಳಿಸದ ಹಾಗೆ ತುಂಬುವ ಬಗೆ

ಒಮ್ಮೆ ನಮ್ಮ ಸರಕು 42 ಕೆಜಿಯ ಕಾರಣಕ್ಕೆ ಎರಡು ದಿನ ಬಂದರಿನಲ್ಲೇ ನಿಂತಿತು. ಏನೂ ಕಳೆದಿರಲಿಲ್ಲ, ಏನೂ ಜಾಸ್ತಿ ಸೇರಿರಲಿಲ್ಲ. ನಾನು ಮಾಡಿದ ಪ್ಯಾಕಿಂಗ್ ಲಿಸ್ಟ್‌ನಲ್ಲಿ ಒಟ್ಟು ತೂಕ 247.5 ಕೆಜಿ ಇತ್ತು. ಹಡಗಿನವರು ಸರಕಿಗೆ ಕೊಡುವ ಸಾಗಣೆ ಪತ್ರ, ಅಂದರೆ ಬಿಲ್ ಆಫ್ ಲೇಡಿಂಗ್‌ನ ಕರಡಿನಲ್ಲಿ 289.5 ಕೆಜಿ ಇತ್ತು. ಎರಡೂ ಸರಿಯಾದ ಸಂಖ್ಯೆಗಳೇ! ನಾನು ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ತೂಗಿದ್ದೆ. ಗೋದಾಮಿನವರು ಪೆಟ್ಟಿಗೆಗಳನ್ನು ಎರಡು ಪ್ಯಾಲೆಟ್ ಮೇಲೆ ಜೋಡಿಸಿ, ಪ್ಯಾಲೆಟ್ ಸಮೇತ ತೂಗಿದ್ದರು. ಯಾವ ತೂಕದಲ್ಲಿ ಏನೇನು ಸೇರಿದೆ ಅಂತ ಕಾಗದದ ಮೇಲೆ ಎಲ್ಲೂ ಇರಲಿಲ್ಲ, ಅಷ್ಟೇ.

ಅದೇ ಸರಕನ್ನು ಇಟ್ಟುಕೊಂಡು, ಪ್ಯಾಕಿಂಗ್ ಲಿಸ್ಟನ್ನು ಮೊದಲಿಂದ ಹೇಗೆ ತುಂಬಬೇಕಿತ್ತು ಅಂತ ಇಲ್ಲಿ ಹೇಳುತ್ತೇನೆ. ಸರಕು ಸ್ಟೀಲ್ ಬಾಟಲಿಗಳು. ಅರ್ಧ ಲೀಟರಿನ, ಎರಡು ಪದರದ ವ್ಯಾಕ್ಯೂಮ್ ಬಾಟಲಿ 490. ಒಂದು ಲೀಟರಿನ, ಒಂದೇ ಪದರದ ಸಾದಾ ಬಾಟಲಿ 246. ಎಲ್ಲ ಸೇರಿ 41 ಪೆಟ್ಟಿಗೆ.

ಬ್ರೋಕರ್ ಇದನ್ನು ಓದುವುದು ಹೇಗೆ

ಬ್ರೋಕರ್ ಪ್ಯಾಕಿಂಗ್ ಲಿಸ್ಟನ್ನು ಮೇಲಿಂದ ಕೆಳಗೆ ಓದುವುದಿಲ್ಲ. ಪಕ್ಕದಲ್ಲಿ ಇನ್ವಾಯ್ಸ್, ಇನ್ನೊಂದು ಪಕ್ಕದಲ್ಲಿ ಬಿಲ್ ಆಫ್ ಲೇಡಿಂಗ್ ಅಥವಾ ಏರ್‌ವೇ ಬಿಲ್ ಇಟ್ಟುಕೊಂಡು ತಾಳೆ ನೋಡುತ್ತಾರೆ. ಇನ್ವಾಯ್ಸ್ ಬೆಲೆ ಹೇಳುತ್ತದೆ. ಪ್ಯಾಕಿಂಗ್ ಲಿಸ್ಟ್ ವಸ್ತು ಎಲ್ಲಿದೆ, ಎಷ್ಟು ಭಾರ, ಎಷ್ಟು ಜಾಗ ಅಂತ ಹೇಳುತ್ತದೆ. ಅಧಿಕಾರಿ ಬಂದು "17ನೇ ಪೆಟ್ಟಿಗೆ ತೆಗೀರಿ" ಅಂದರೆ, ತೆಗೆಯುವ ಮೊದಲೇ ಒಳಗೆ ಏನಿದೆ ಅಂತ ಈ ಕಾಗದ ನೋಡಿ ಹೇಳಲು ಬರಬೇಕು. ಹಾಗಾಗಿ ಇದನ್ನು ಗೋದಾಮಿನ ನೆಲದ ಮೇಲೆ ಶುರುಮಾಡಿ. ಕಂಪ್ಯೂಟರ್ ಮುಂದೆ ಕೂತು ಆರ್ಡರಿನಿಂದ ನಕಲು ಮಾಡಿದ ಲಿಸ್ಟ್, ಏನು ತುಂಬಬೇಕಿತ್ತು ಅಂತ ಮಾತ್ರ ಹೇಳುತ್ತದೆ. ನಿಜವಾಗಿ ಏನು ತುಂಬಿದೆ ಅನ್ನುವುದು ಬೇರೆಯೇ ಇರಬಹುದು.

ಹೆಜ್ಜೆ 1: ತಲೆಭಾಗ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಕಳಿಸುವವರು, ಪಡೆಯುವವರು, ಸರಕು ಬಂದಾಗ ತಿಳಿಸಬೇಕಾದವರು, ಇನ್ವಾಯ್ಸ್ ಸಂಖ್ಯೆ ಮತ್ತು ದಿನಾಂಕ, ಕೊಳ್ಳುವವರ ಆರ್ಡರ್ ಸಂಖ್ಯೆ, ಹತ್ತಿಸುವ ಬಂದರು, ಇಳಿಸುವ ಬಂದರು, ಸರಕು ತಯಾರಾದ ದೇಶ. ಇವೆಲ್ಲ ಇನ್ವಾಯ್ಸ್‌ನಲ್ಲಿ ಇದ್ದ ಹಾಗೇ ಇರಬೇಕು. ವಿಳಾಸದಲ್ಲಿ ಒಂದು ಕಡೆ ಕಂಪನಿಯ ಪೂರ್ತಿ ಹೆಸರು, ಇನ್ನೊಂದು ಕಡೆ ಚಿಕ್ಕ ಹೆಸರು ಹಾಕಬೇಡಿ. ವಸ್ತುವಿನ ವಿವರಣೆಯ ಪದಗಳೂ ಅಷ್ಟೇ. ಇನ್ವಾಯ್ಸ್‌ನಲ್ಲಿ "ವ್ಯಾಕ್ಯೂಮ್ ಬಾಟಲಿ" ಅಂತಿದ್ದು ಇಲ್ಲಿ "ಸ್ಟೀಲ್ ಫ್ಲಾಸ್ಕ್" ಅಂತಾದರೆ ಪ್ರಶ್ನೆ ಬಂದೇ ಬರುತ್ತದೆ. ಬೆಲೆಯನ್ನು ಮಾತ್ರ ಈ ಕಾಗದದ ಮೇಲೆ ಹಾಕಬೇಡಿ. ಗೋದಾಮಿನಿಂದ ಹಿಡಿದು ಲಾರಿಯವರ ತನಕ ಇದು ಹತ್ತಾರು ಕೈ ದಾಟುತ್ತದೆ.

ಹೆಜ್ಜೆ 2: ಪೆಟ್ಟಿಗೆಗಳಿಗೆ ಸಂಖ್ಯೆ ಕೊಡಿ

ಅರ್ಧ ಲೀಟರಿನ ಬಾಟಲಿ ಒಂದು ಪೆಟ್ಟಿಗೆಗೆ 24 ಹಿಡಿಸುತ್ತದೆ. 20 ಪೆಟ್ಟಿಗೆಗೆ 480 ಆಯಿತು, 10 ಉಳಿಯಿತು. ಒಂದು ಲೀಟರಿನದು ಪೆಟ್ಟಿಗೆಗೆ 12. 20 ಪೆಟ್ಟಿಗೆಗೆ 240 ಆಯಿತು, 6 ಉಳಿಯಿತು. ಉಳಿದ ಹತ್ತನ್ನೂ ಆರನ್ನೂ ಒಂದೇ ಪೆಟ್ಟಿಗೆಗೆ ಹಾಕಿದೆವು. ಇದೇ ಮಿಶ್ರ ಪೆಟ್ಟಿಗೆ. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇದರ ಹತ್ತಿರವೇ.

ಸಾಮಾನ್ಯವಾಗಿ ಮಿಶ್ರ ಪೆಟ್ಟಿಗೆಗೆ ಕೊನೆಯ ಸಂಖ್ಯೆ ಕೊಡುತ್ತಾರೆ. ನಾನೂ 41 ಅಂತ ಕೊಟ್ಟಿದ್ದೆ. ಆದರೆ ಜೋಡಿಸುವಾಗ ಅದು ಮೊದಲ ಪ್ಯಾಲೆಟ್ ಮೇಲೆ ಹೋಯಿತು. ಆಗ ಆ ಪ್ಯಾಲೆಟ್ಟಿನ ಸಂಖ್ಯೆ "1ರಿಂದ 20, ಮತ್ತು 41" ಅಂತಾಯಿತು. ಓದುವವರು ಆ 41ನ್ನು ನೋಡದೇ ಹೋಗುವುದು ಸಹಜ ಅಲ್ವಾ? ಎಲ್ಲಿ ಏನು ಕೂರುತ್ತದೆ ಅಂತ ಮೊದಲು ನಿರ್ಧರಿಸಿ, ಆಮೇಲೆ ಸಂಖ್ಯೆ ಕೊಡಿ. ಹೀಗೆ: 1ರಿಂದ 20 ಅರ್ಧ ಲೀಟರಿನವು, 21 ಮಿಶ್ರ, 22ರಿಂದ 41 ಒಂದು ಲೀಟರಿನವು. ಆಗ ಮೊದಲ ಪ್ಯಾಲೆಟ್ 1ರಿಂದ 21, ಎರಡನೆಯದು 22ರಿಂದ 41.

ಲಿಸ್ಟ್‌ನಲ್ಲಿ ಒಂದೇ ಥರದ ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಗುಂಪಾಗಿ ಬರೆಯಬಹುದು. ಮಿಶ್ರ ಪೆಟ್ಟಿಗೆಗೆ ಮಾತ್ರ ಎರಡು ಸಾಲು ಬೇಕು, ಎರಡಕ್ಕೂ 21 ಎಂಬ ಒಂದೇ ಸಂಖ್ಯೆ. ಎರಡನೇ ಸಾಲಿನಲ್ಲಿ ಪೆಟ್ಟಿಗೆಯ ಎಣಿಕೆ ಇರುವ ಜಾಗವನ್ನು ಖಾಲಿ ಬಿಡಿ. ಇಲ್ಲದಿದ್ದರೆ ಸ್ಪ್ರೆಡ್‌ಶೀಟ್ ಸುಮ್ನೆ ಕೂಡಿಸಿ 42 ಪೆಟ್ಟಿಗೆ ಅಂತ ತೋರಿಸುತ್ತದೆ.

ಹೆಜ್ಜೆ 3: ತೂಕ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಒಂದು ಪೆಟ್ಟಿಗೆಯಲ್ಲಿ ಮೂರು ಪದರ ಇದೆ. ಬರೀ ವಸ್ತು ಮೊದಲನೆಯದು. ಅದನ್ನು ಅಂಗಡಿಯಲ್ಲಿ ಇಡುವ ಒಳಡಬ್ಬಿ ಎರಡನೆಯದು. ಸಾಗಣೆಗಾಗಿ ಇರುವ ಹೊರಗಿನ ರಟ್ಟಿನ ಪೆಟ್ಟಿಗೆ, ಅದರ ಟೇಪು, ಒಳಗಿನ ತಡಿಕೆ ಮೂರನೆಯದು. ನಿವ್ವಳ ತೂಕ ಅಂದರೆ ಮೊದಲ ಪದರ ಮಾತ್ರ. ಒಟ್ಟು ತೂಕ ಅಂದರೆ ಮೂರೂ.

ಒಳಡಬ್ಬಿಯದೇ ತಕರಾರು. ಕೆಲವರು ಅದನ್ನು ನಿವ್ವಳಕ್ಕೆ ಸೇರಿಸುತ್ತಾರೆ, ಮಾರುವಾಗ ಡಬ್ಬಿ ಸಮೇತ ತಾನೇ ಮಾರುವುದು ಅಂತ. ವಸ್ತು ಮತ್ತು ಒಳಡಬ್ಬಿ ಸೇರಿದ ತೂಕಕ್ಕೆ ವ್ಯಾಪಾರದಲ್ಲಿ ಬೇರೆಯೇ ಹೆಸರಿದೆ, ಲೀಗಲ್ ವೆಯ್ಟ್. ಬ್ರೋಕರ್ ನಿವ್ವಳ ಕೇಳಿದಾಗ ಸಾಮಾನ್ಯವಾಗಿ ಯಾವ ಪ್ಯಾಕಿಂಗೂ ಇಲ್ಲದ ತೂಕವನ್ನೇ ಕೇಳುತ್ತಿರುತ್ತಾರೆ. ಅನುಮಾನ ಇದ್ದರೆ ಮೊದಲೇ ಕೇಳಿ. ಸುಂಕವನ್ನು ಬೆಲೆಯ ಬದಲು ತೂಕದ ಮೇಲೆ ಹಾಕುವ ವಸ್ತುವಾದರೆ ಈ ವ್ಯತ್ಯಾಸ ನೇರವಾಗಿ ದುಡ್ಡಿಗೆ ತಾಗುತ್ತದೆ.

ನಮ್ಮ ಅರ್ಧ ಲೀಟರಿನ ಬಾಟಲಿ 0.250 ಕೆಜಿ, ಒಳಡಬ್ಬಿ 0.040 ಕೆಜಿ. ಖಾಲಿ ಪೆಟ್ಟಿಗೆ ಟೇಪು, ತಡಿಕೆ ಸೇರಿ 1.040 ಕೆಜಿ. ಹಾಗಾಗಿ:

```
Net   = 24 x 0.250                = 6.000 kg
Gross = 6.000 + 24 x 0.040 + 1.040 = 8.000 kg
```

ಒಂದು ಲೀಟರಿನದು ಒಂದೇ ಪದರವಾದ್ದರಿಂದ ದೊಡ್ಡದಾದರೂ ಹಗುರ: ಬಾಟಲಿ 0.200, ಒಳಡಬ್ಬಿ 0.060, ಪೆಟ್ಟಿಗೆ 0.980. ಒಂದು ಪೆಟ್ಟಿಗೆಗೆ ನಿವ್ವಳ 2.400, ಒಟ್ಟು 4.100 ಕೆಜಿ. ಮಿಶ್ರ ಪೆಟ್ಟಿಗೆ ಅರ್ಧ ಲೀಟರಿನವಕ್ಕೆ ಬಳಸಿದ ದೊಡ್ಡ ಅಳತೆಯದೇ. ಅದರಲ್ಲಿ ನಿವ್ವಳ 2.500 ಮತ್ತು 1.200 ಸೇರಿ 3.700, ಒಟ್ಟು 5.500.

ಲೆಕ್ಕ ಹಾಕಿದ ಮೇಲೆ ತಕ್ಕಡಿಗೆ ಹೋಗಿ. ಪ್ರತಿ ಥರದಲ್ಲೂ ಬೇರೆ ಬೇರೆ ಕಡೆಯಿಂದ ನಾಲ್ಕೈದು ಪೆಟ್ಟಿಗೆ ತೂಗಿ. ಮಿಶ್ರ ಪೆಟ್ಟಿಗೆಯನ್ನು ತಪ್ಪದೇ ತೂಗಿ. 8 ಕೆಜಿ ಇರಬೇಕಾದದ್ದು 7.7 ತೋರಿಸಿದರೆ ತಕ್ಕಡಿಯನ್ನು ಬೈಯುವ ಮೊದಲು ಪೆಟ್ಟಿಗೆ ಬಿಚ್ಚಿ. ಒಂದು ಬಾಟಲಿ ಡಬ್ಬಿ ಸಮೇತ 0.290 ಕೆಜಿ. ಅಂದರೆ ಒಂದು ಕಡಿಮೆ ಬಿದ್ದಿದೆ. ತೂಕ ನೋಡಿ ಎಣಿಕೆಯ ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ದಶಾಂಶಗಳನ್ನು ಸಾಲಿನಲ್ಲೇ ದುಂಡು ಮಾಡಬೇಡಿ. ಒಂದು ಪೆಟ್ಟಿಗೆ 4.1 ಕೆಜಿ ಇದ್ದದ್ದನ್ನು 4 ಅಂತ ಬರೆದರೆ 20 ಪೆಟ್ಟಿಗೆಗೆ 2 ಕೆಜಿ ಮಾಯವಾಗುತ್ತದೆ. ಆಮೇಲೆ ಸಾಲುಗಳ ಮೊತ್ತ ಒಂದು, ಕೆಳಗಿನ ಒಟ್ಟು ಇನ್ನೊಂದು. ದುಂಡು ಮಾಡುವುದಿದ್ದರೆ ಕೊನೆಯ ಮೊತ್ತದಲ್ಲಿ ಮಾತ್ರ ಮಾಡಿ.

ಈಗ ಇಡೀ ಸರಕಿನ ಲೆಕ್ಕ. ನಿವ್ವಳ: 490 ಬಾಟಲಿಗೆ 122.5, 246ಕ್ಕೆ 49.2, ಸೇರಿ 171.7 ಕೆಜಿ. ಒಟ್ಟು: 160 + 82 + 5.5 = 247.5 ಕೆಜಿ. ಇದನ್ನೇ ತಿರುಗಿಸಿ ನೋಡಿ. ಒಳಡಬ್ಬಿಗಳೆಲ್ಲ 34.36, ಖಾಲಿ ಪೆಟ್ಟಿಗೆಗಳೆಲ್ಲ 41.44. ನಿವ್ವಳಕ್ಕೆ ಇವನ್ನು ಕೂಡಿಸಿದರೂ 247.5 ಬಂತು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ನಿವ್ವಳ ತೂಕ ವಸ್ತುವಾರು ಯಾಕೆ ಬೇಕು

ಒಟ್ಟಿಗೆ 171.7 ಅಂತ ಬರೆದರೆ ಸಾಲದು. ಎರಡೂ ಬಾಟಲಿಗಳೇ ಆದರೂ ಕಸ್ಟಮ್ಸ್ ಕಣ್ಣಿಗೆ ಅವು ಬೇರೆ ಬೇರೆ ವಸ್ತು. ಕಸ್ಟಮ್ಸ್ ವಸ್ತುಗಳನ್ನು ವಿಂಗಡಿಸಲು ಬಳಸುವ ಎಚ್‌ಎಸ್ ಕೋಡಿನಲ್ಲಿ ವ್ಯಾಕ್ಯೂಮ್ ಬಾಟಲಿ ಶೀರ್ಷಿಕೆ 9617ಕ್ಕೆ ಹೋಗುತ್ತದೆ. ಸಾದಾ ಸ್ಟೀಲ್ ಬಾಟಲಿ ಮನೆಬಳಕೆಯ ಸ್ಟೀಲ್ ಸಾಮಾನಾಗಿ 7323ಕ್ಕೆ ಹೋಗುತ್ತದೆ. ಬ್ರೋಕರ್ ಪ್ರತಿ ಕೋಡಿಗೂ ಬೇರೆ ಸಾಲು ಹಾಕಿ, ಆ ಸಾಲಿಗೆ ಅದರದೇ ನಿವ್ವಳ ತೂಕ ತುಂಬಬೇಕು. ನೀವು ಬಿಡಿಸಿ ಕೊಡದಿದ್ದರೆ ಅವರು ಫೋನ್ ಮಾಡುತ್ತಾರೆ. ಇಲ್ಲವೇ ಅಂದಾಜು ಮಾಡುತ್ತಾರೆ. ಅಂದಾಜು ಮಾಡುವವರಿಗಿಂತ ಫೋನ್ ಮಾಡುವವರೇ ವಾಸಿ.

ಕೆಲವೊಮ್ಮೆ ಒಟ್ಟು ತೂಕವನ್ನೂ ಸಾಲುವಾರು ಕೇಳುತ್ತಾರೆ. ಆಗ ಮಿಶ್ರ ಪೆಟ್ಟಿಗೆಯ 5.5 ಕೆಜಿಯನ್ನು ನಿವ್ವಳದ ಪ್ರಮಾಣದಲ್ಲಿ ಹಂಚಿದರೆ ಆಯಿತು: 3.72 ಒಂದಕ್ಕೆ, 1.78 ಇನ್ನೊಂದಕ್ಕೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಮಾತ್ರ ಪೆಟ್ಟಿಗೆಯ ತೂಕವನ್ನು ಇಡಿಯಾಗಿ ಒಮ್ಮೆ ಬರೆಯುವುದು ನನಗೆ ಇಷ್ಟ. ಯಾಕೆಂದರೆ ತಕ್ಕಡಿ ತೋರಿಸುವುದು ಅದನ್ನೇ.

ಹೆಜ್ಜೆ 4: ಅಳತೆ ಮತ್ತು ಪ್ಯಾಲೆಟ್

ದೊಡ್ಡ ಪೆಟ್ಟಿಗೆ 50 × 34 × 30 ಸೆಂಮೀ. ಸೆಂಟಿಮೀಟರುಗಳನ್ನು ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ, ಇದನ್ನೇ ಸಿಬಿಎಂ ಅನ್ನುತ್ತಾರೆ. ಒಂದಕ್ಕೆ 0.051. ಚಿಕ್ಕದು 40 × 30 × 36, ಅಂದರೆ 0.0432. ದೊಡ್ಡವು 21, ಚಿಕ್ಕವು 20, ಎಲ್ಲ ಸೇರಿ 1.935 ಸಿಬಿಎಂ. ಅಳೆಯುವುದು ಹೊರಗಿನಿಂದ, ತುಂಬಿದ ಮೇಲೆ. ಪೆಟ್ಟಿಗೆ ಮಾರಿದವರು ಕೊಟ್ಟ ಅಳತೆ ಎಷ್ಟೋ ಸಲ ಒಳಗಿನದಾಗಿರುತ್ತದೆ.

ಇನ್ನು ಪ್ಯಾಲೆಟ್. ನಮ್ಮ ಪ್ಯಾಲೆಟ್ 120 × 100 ಸೆಂಮೀ, 15 ಸೆಂಮೀ ಎತ್ತರ. ದೊಡ್ಡ ಪೆಟ್ಟಿಗೆ ಒಂದು ಸಾಲಿಗೆ 6 ಕೂರುತ್ತದೆ. 21 ಪೆಟ್ಟಿಗೆಗೆ ಮೂರು ಸಾಲು ತುಂಬಿ ನಾಲ್ಕನೆಯದರಲ್ಲಿ ಮೂರು ಕೂತವು. ಎತ್ತರ 135 ಸೆಂಮೀ. ಮೇಲಿನ ಸಾಲು ಅರ್ಧ ಖಾಲಿಯೇ ಇದ್ದರೂ ಜಾಗ ಪೂರ್ತಿ ಲೆಕ್ಕಕ್ಕೆ ಬರುತ್ತದೆ: 1.620 ಸಿಬಿಎಂ. ಎರಡನೇ ಪ್ಯಾಲೆಟ್ ಮೇಲೆ ಸಾಲಿಗೆ 10ರಂತೆ ಎರಡು ಸಾಲು, ಎತ್ತರ 87, ಅಂದರೆ 1.044. ಸೇರಿ 2.664. ಬಿಡಿ ಪೆಟ್ಟಿಗೆಗಳ 1.935 ಎಲ್ಲಿ, ಇದೆಲ್ಲಿ! ಕಂಟೇನರನ್ನು ಬೇರೆಯವರ ಜೊತೆ ಹಂಚಿಕೊಂಡು ಕಳಿಸುವಾಗ ಸಾಮಾನ್ಯವಾಗಿ ಒಂದು ಸಿಬಿಎಂ ಮತ್ತು 1000 ಕೆಜಿಯನ್ನು ಸಮ ಅಂತ ಇಟ್ಟುಕೊಂಡು, ಯಾವುದು ಜಾಸ್ತಿಯೋ ಅದರ ಮೇಲೆ ಬಾಡಿಗೆ ಹಾಕುತ್ತಾರೆ. ನಮ್ಮ ಸರಕಿಗೆ ಬಿಲ್ ಬಂದದ್ದು 2.664ರ ಮೇಲೆ.

ತೂಕಕ್ಕೆ ಬಂದರೆ, ಖಾಲಿ ಪ್ಯಾಲೆಟ್ 20 ಕೆಜಿ, ಪಟ್ಟಿ ಮತ್ತು ಪ್ಲಾಸ್ಟಿಕ್ ಹಾಳೆ 1 ಕೆಜಿ. ಎರಡಕ್ಕೆ 42 ಕೆಜಿ. ಎರಡು ದಿನ ತಿಂದದ್ದು ಇದೇ. ಇದನ್ನು ಮುಚ್ಚಿಡಬೇಡಿ, ಎರಡೂ ಮೊತ್ತವನ್ನು ಕೊನೆಯಲ್ಲಿ ಬಿಡಿಸಿ ಬರೆಯಿರಿ:

```
TOTAL: 2 PALLETS (41 CARTONS)
NET WEIGHT                171.700 KG
GROSS WEIGHT, CARTONS     247.500 KG
PALLETS AND WRAPPING       42.000 KG
GROSS WEIGHT, SHIPMENT    289.500 KG
VOLUME, PALLETIZED          2.664 CBM
```

ಬಿಲ್ ಆಫ್ ಲೇಡಿಂಗ್‌ಗೆ ಹೋಗಬೇಕಾದದ್ದು 289.5. ಪ್ಯಾಕೇಜುಗಳ ಸಂಖ್ಯೆಯಲ್ಲೂ ಇದೇ ಎಚ್ಚರ ಬೇಕು. ಹಡಗಿನವರ ಲೆಕ್ಕದಲ್ಲಿ ಇದು 2 ಪ್ಯಾಕೇಜ್, ಒಳಗೆ 41 ಪೆಟ್ಟಿಗೆ. ಒಂದು ಕಾಗದದಲ್ಲಿ 2, ಇನ್ನೊಂದರಲ್ಲಿ 41 ಅಂತ ಮಾತ್ರ ಇದ್ದರೆ, ನೋಡುವವರಿಗೆ 39 ಪ್ಯಾಕೇಜ್ ಕಾಣೆಯಾದ ಹಾಗೆ. ಎರಡನ್ನೂ ಒಟ್ಟಿಗೆ ಬರೆಯಿರಿ, ಎಲ್ಲ ಕಡೆಯೂ.

ಪ್ಯಾಲೆಟ್ ಮರದ್ದಾದರೆ ಅದನ್ನೂ ಲಿಸ್ಟ್‌ನಲ್ಲಿ ಹೇಳಿ. ಮರದ ಪ್ಯಾಕಿಂಗ್ ಮೇಲೆ ಐಎಸ್‌ಪಿಎಂ 15 ನಿಯಮದ ಮುದ್ರೆ ಇದೆಯಾ ಅಂತ ಬ್ರೋಕರ್ ಕೇಳುತ್ತಾರೆ. ಬಿಸಿ ಮಾಡಿ ಹುಳ ಸಾಯಿಸಿದ ಮರಕ್ಕೆ ಮುದ್ರೆಯಲ್ಲಿ `HT` ಅಂತ ಇರುತ್ತದೆ. ಪ್ಲೈವುಡ್‌ಗೆ ಈ ನಿಯಮ ಇಲ್ಲ.

ಪೂರ್ತಿ ಕಂಟೇನರ್ ನಿಮ್ಮದೇ ಆದರೆ ಇನ್ನೊಂದು ತೂಕ ಬರುತ್ತದೆ, ವಿಜಿಎಂ. ಸರಕು, ಪ್ಯಾಲೆಟ್, ಒಳಗಿನ ಆಧಾರದ ಕಟ್ಟಿಗೆ, ಜೊತೆಗೆ ಖಾಲಿ ಕಂಟೇನರಿನ ತೂಕ. 2016ರ ಜುಲೈ 1ರಿಂದ ಇದಿಲ್ಲದೆ ಕಂಟೇನರ್ ಹಡಗು ಹತ್ತುವ ಹಾಗಿಲ್ಲ. ಖಾಲಿ ಕಂಟೇನರಿನ ತೂಕ ಅದರ ಬಾಗಿಲ ಮೇಲೇ ಬರೆದಿರುತ್ತದೆ. ಆದರೆ ವಿಜಿಎಂ ಅನ್ನು ಪ್ಯಾಕಿಂಗ್ ಲಿಸ್ಟ್‌ನ ಒಟ್ಟು ತೂಕದ ಜಾಗದಲ್ಲಿ ಹಾಕಬೇಡಿ. 20 ಅಡಿಯ ಕಂಟೇನರ್ ಒಂದೇ ಎರಡು ಸಾವಿರ ಕೆಜಿ ದಾಟುತ್ತದೆ. ನಿಮ್ಮ ಸರಕು ಒಮ್ಮೆಗೇ ಅಷ್ಟು ಭಾರವಾದ ಹಾಗೆ ಕಾಣುತ್ತದೆ.

ಹೆಜ್ಜೆ 5: ಪೆಟ್ಟಿಗೆಯ ಗುರುತು

ಗುರುತು ಅಂದರೆ ಪೆಟ್ಟಿಗೆಯ ಮೇಲಿನ ಬರಹಕ್ಕೂ ಕಾಗದಕ್ಕೂ ನಡುವಿನ ಸೇತುವೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 15ನೇ ಶಿಫಾರಸು ಇದಕ್ಕೆ ನಾಲ್ಕು ಸಾಲು ಸಾಕು ಅನ್ನುತ್ತದೆ: ಪಡೆಯುವವರ ಹೆಸರಿನ ಮೊದಲಕ್ಷರಗಳು, ಒಂದು ಉಲ್ಲೇಖ ಸಂಖ್ಯೆ, ಸೇರಬೇಕಾದ ಊರು, ಪೆಟ್ಟಿಗೆ ಸಂಖ್ಯೆ. ನಮ್ಮ 21ನೇ ಪೆಟ್ಟಿಗೆಯ ಮೇಲೆ ಹೀಗಿರಬೇಕು:

```
SRX
7718
HAMBURG
21/41
```

ಪ್ಯಾಕಿಂಗ್ ಲಿಸ್ಟ್‌ನ ಗುರುತಿನ ಜಾಗದಲ್ಲೂ ಇದೇ ಮೂರು ಸಾಲು. ನಾಲ್ಕನೆಯದು ಮಾತ್ರ `1-41` ಆಗುತ್ತದೆ. "ಇದೇ" ಅಂದರೆ ಅಕ್ಷರಕ್ಕೆ ಅಕ್ಷರ. ಪೆಟ್ಟಿಗೆಯ ಮೇಲೆ `7718` ಇದ್ದು ಕಾಗದದಲ್ಲಿ `PO-7718/A` ಇದ್ದರೆ ಅದು ಬೇರೆ ಗುರುತು. ಗುರುತೇ ಇಲ್ಲದ ಸರಕಿಗೆ `N/M` ಅಂತ ಬರೆಯುವ ರೂಢಿ ಇದೆ. ಆದರೆ ಬೇರೆಯವರ ಪೆಟ್ಟಿಗೆಗಳ ಜೊತೆ ಹೋಗುವ ಸರಕಿಗೆ ಹಾಗೆ ಮಾಡಬೇಡಿ. ಒಂದೇ ಬಣ್ಣದ ರಟ್ಟಿನ ರಾಶಿಯಲ್ಲಿ ನಿಮ್ಮದನ್ನು ಹುಡುಕಲು ಬೇರೆ ದಾರಿಯೇ ಇಲ್ಲ.

ಬರೆಯುವಾಗ ಕೆಲವು ಸಣ್ಣ ವಿಷಯಗಳಿವೆ. ಪಕ್ಕಪಕ್ಕದ ಎರಡು ಮೈಗಳ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಇನ್ನೊಂದು ಪೆಟ್ಟಿಗೆ ಬಂದು ಕೂತಾಗ ಕಾಣುವುದಿಲ್ಲ. ಪ್ಯಾಲೆಟ್ ಮೇಲೆ ಜೋಡಿಸುವಾಗ ಗುರುತಿನ ಮೈ ಹೊರಗೆ ಬರಲಿ. ಮೊದಲು ಪೆಟ್ಟಿಗೆಯ ಸಂಖ್ಯೆ ಮಾತ್ರ ಬರೆದು, `/41` ಭಾಗವನ್ನು ಪ್ಯಾಕಿಂಗ್ ಪೂರ್ತಿ ಮುಗಿದ ಮೇಲೆ ಸೇರಿಸಿ. ಕೊನೆಗೆ ಒಂದು ಪೆಟ್ಟಿಗೆ ಜಾಸ್ತಿಯಾದರೆ ನಲವತ್ತೊಂದನ್ನೂ ತಿದ್ದಬೇಕಾಗುತ್ತದೆ, ನಾನು ತಿದ್ದಿದ್ದೇನೆ. ಹಳೇ ಪೆಟ್ಟಿಗೆ ಬಳಸಿದರೆ ಹಳೇ ಗುರುತನ್ನು ಪೂರ್ತಿ ಮುಚ್ಚಿ. ಕೊಡೆ, ಗಾಜಿನ ಲೋಟ, ಮೇಲ್ಮುಖ ಬಾಣದಂಥ ಚಿತ್ರಗಳು ಎತ್ತಿಡುವವರಿಗಾಗಿ ಇರುವವು. ಅವನ್ನು ಬೇರೆ ಮೂಲೆಯಲ್ಲಿ ಹಾಕಿ, ಲಿಸ್ಟ್‌ನ ಗುರುತಿನ ಜಾಗಕ್ಕೆ ತರಬೇಡಿ.

ಹೆಜ್ಜೆ 6: ಕಳಿಸುವ ಮೊದಲು

ಮೂರು ಕಾಗದ ಪಕ್ಕಪಕ್ಕ ಇಟ್ಟು ಬ್ರೋಕರ್ ಮಾಡುವುದನ್ನೇ ನೀವು ಮೊದಲು ಮಾಡಿ. ಬಾಟಲಿಗಳ ಸಂಖ್ಯೆ ಇನ್ವಾಯ್ಸ್‌ನಲ್ಲೂ 490 ಮತ್ತು 246 ಇದೆಯಾ? ಎರಡೂ ಕಡೆ ಬಿಡಿಯಾಗಿಯೇ ಎಣಿಸಿದೆಯಾ, ಒಂದು ಕಡೆ ಸೆಟ್ ಅಂತ ಇದೆಯಾ? ಪ್ಯಾಲೆಟ್ 2, ಪೆಟ್ಟಿಗೆ 41, ಒಟ್ಟು ತೂಕ 289.5 ಅಂತ ಬಿಲ್ ಆಫ್ ಲೇಡಿಂಗ್ ಕರಡಿನಲ್ಲೂ ಇದೆಯಾ? ಪ್ರತಿ ಸಾಲಿನಲ್ಲೂ ಒಟ್ಟು ತೂಕ ನಿವ್ವಳಕ್ಕಿಂತ ಜಾಸ್ತಿ ಇದೆಯಾ? ಕೊನೆಯದು ತಮಾಷೆ ಅನ್ನಿಸಬಹುದು. ಆದರೆ ಅವಸರದಲ್ಲಿ ಎರಡು ಸಂಖ್ಯೆ ಅದಲುಬದಲಾಗುವುದು ಎಲ್ಲರಿಗೂ ಆಗುತ್ತದೆ.

ಕಂಟೇನರ್ ಸಂಖ್ಯೆ ಮತ್ತು ಸೀಲ್ ಸಂಖ್ಯೆ ಕೊನೆಗೆ ಬರುತ್ತವೆ, ಬಾಗಿಲು ಮುಚ್ಚಿದ ಮೇಲೆ. ಅದಕ್ಕಾಗಿ ಲಿಸ್ಟನ್ನು ಮತ್ತೆ ಕಳಿಸುವಾಗ ಬೇರೆ ಏನಾದರೂ ಬದಲಾಗಿದ್ದರೆ ಸಂಖ್ಯೆಯ ಪಕ್ಕ "ತಿದ್ದುಪಡಿ 1" ಅಂತ ದಿನಾಂಕದ ಜೊತೆ ಹಾಕಿ, ಏನು ಬದಲಾಯಿತು ಅಂತ ಮೇಲ್‌ನಲ್ಲಿ ಒಂದು ಸಾಲು ಬರೆಯಿರಿ. ಆ 42 ಕೆಜಿ ಸರಿಮಾಡಿದ ದಿನ ನಾನು ಅದೇ ಫೈಲ್ ಹೆಸರಿನಲ್ಲಿ ಹೊಸ ಲಿಸ್ಟ್ ಕಳಿಸಿದ್ದೆ. ಬ್ರೋಕರ್ ಕಚೇರಿಯಲ್ಲಿ ಹಳೆಯದನ್ನೇ ತೆರೆದು ನೋಡಿ, "ಇನ್ನೂ 247.5 ಅಂತಲೇ ಇದೆಯಲ್ಲ ಸರ್" ಅಂತ ಮತ್ತೆ ಫೋನ್ ಮಾಡಿದರು.